ಕನ್ನಡದಲ್ಲಿ ಕಟ್ಟಿ ಇಂಗ್ಲಿಷಿನಲ್ಲಿ ಹೇಳುವ ಉತ್ತರ



ಕ್ಯಾಂಪಸ್ ಸೆಲೆಕ್ಷನ್ ಹತ್ತಿರ ಬಂದಾಗ ನಮ್ಮ ಡಿಪ್ಲೊಮಾ ವಿದ್ಯಾರ್ಥಿಗಳ ಹಾಸ್ಟೆಲುಗಳಲ್ಲಿ ಒಂದು ಜೆರಾಕ್ಸ್ ಹಾಳೆ ಕೈಯಿಂದ ಕೈಗೆ ಓಡಾಡುತ್ತದೆ. ಇಂಟರ್‌ವ್ಯೂನಲ್ಲಿ ಕೇಳುವ ಪ್ರಶ್ನೆಗಳ ಪಟ್ಟಿ ಅದು. ಮೇಲೆ ಇಂಗ್ಲಿಷ್ ಪ್ರಶ್ನೆ, ಅದರ ಕೆಳಗೆ ಕನ್ನಡ ಅನುವಾದ, ಕೆಳಗೊಂದು ಮಾದರಿ ಉತ್ತರ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗರು ಅದನ್ನು ರಾತ್ರಿಯೆಲ್ಲ ಉರು ಹೊಡೆಯುತ್ತಾರೆ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಹಾಳೆಯ ಬಗ್ಗೆಯೇ. ಪ್ರಶ್ನೆಗಳನ್ನು ಕನ್ನಡಕ್ಕೆ ತರುವುದು ಹೇಗೆ, ಉತ್ತರವನ್ನು ಎರಡೂ ಭಾಷೆಯಲ್ಲಿ ಅಭ್ಯಾಸ ಮಾಡುವುದು ಹೇಗೆ ಎಂಬುದನ್ನು ನಮ್ಮ ಮೆಕ್ಯಾನಿಕಲ್ ವಿಭಾಗದ ಒಂದು ಉದಾಹರಣೆ ಇಟ್ಟುಕೊಂಡು ಪೂರ್ತಿಯಾಗಿ ಬಿಡಿಸಿ ತೋರಿಸುತ್ತೇನೆ.

ಮೊದಲು ಆ ಹಾಳೆಯ ಅನುವಾದ ನೋಡೋಣ. ‘ಐದು ವರ್ಷಗಳ ನಂತರ ನಿಮ್ಮನ್ನು ನೀವು ಎಲ್ಲಿ ನೋಡುತ್ತೀರಿ?’ ಅಂತ ಒಂದು ಪ್ರಶ್ನೆ. ಇದನ್ನು ಓದಿದ ಹುಡುಗ ‘ಬೆಂಗಳೂರಿನಲ್ಲಿ’ ಅಂತಲೋ ‘ನಿಮ್ಮ ಕಂಪನಿಯಲ್ಲೇ’ ಅಂತಲೋ ಹೇಳಿದರೆ ಅದು ಅವನ ತಪ್ಪಲ್ಲ, ‘ಎಲ್ಲಿ’ ಅಂತ ಕೇಳಿದ್ದಕ್ಕೆ ಸ್ಥಳ ಹೇಳಿದ್ದಾನೆ. ಎದುರಿಗೆ ಕುಳಿತವರಿಗೆ ಬೇಕಾಗಿರುವುದು ಬೇರೆ. ಈ ಹುಡುಗ ಕೆಲಸ ಕಲಿತು ಮೇಲೆ ಬರಬೇಕು ಅಂತ ಇದ್ದಾನಾ, ಆರು ತಿಂಗಳಿಗೆ ಬಿಟ್ಟು ಹೋಗುತ್ತಾನಾ ಎಂಬುದನ್ನು ಅವರು ತಿಳಿಯಬೇಕಾಗಿದೆ. ಹಾಗಾಗಿ ಪ್ರಶ್ನೆಯನ್ನು ಕನ್ನಡದಲ್ಲಿ ‘ಐದು ವರ್ಷದ ಹೊತ್ತಿಗೆ ಯಾವ ಕೆಲಸ ಮಾಡೋ ಮಟ್ಟಕ್ಕೆ ಬಂದಿರಬೇಕು ಅಂತ ಇದೀಯಪ್ಪ?’ ಎಂದು ಬರೆದುಕೊಳ್ಳಬೇಕು. ನಮ್ಮ ಸೂಪರ್‌ವೈಸರ್ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೂತು ಇದನ್ನೇ ಕೇಳಿದರೆ ಹೇಗೆ ಕೇಳುತ್ತಾನೋ ಹಾಗೆ. ಆಗ ಉತ್ತರ ತಾನಾಗಿ ಬರುತ್ತದೆ: ‘ಈಗ ಇನ್‌ಸ್ಪೆಕ್ಷನ್ ಮಾಡ್ತೀನಿ ಸಾರ್, ಸಿಎಂಎಂ ಮಿಷಿನ್ ಕಲೀಬೇಕು, ಆಮೇಲೆ ಒಂದು ಲೈನಿನ ಕ್ವಾಲಿಟಿ ನಾನೇ ನೋಡ್ಕೊಳ್ಳೋ ಹಾಗೆ ಆಗಬೇಕು.’

‘ನಿಮ್ಮ ಬಗ್ಗೆ ಹೇಳಿ’ ಎಂಬುದರ ಕಥೆಯೂ ಇದೇ. ನಮ್ಮ ಕಡೆ ಒಬ್ಬರ ಬಗ್ಗೆ ಹೇಳು ಅಂದರೆ ಊರು, ತಂದೆ ಹೆಸರು, ಮನೆತನ, ಎಷ್ಟು ಜನ ಅಣ್ಣ ತಮ್ಮಂದಿರು ಎಂಬಲ್ಲಿಂದ ಶುರುವಾಗುತ್ತದೆ. ಹಳ್ಳಿಯ ಕಟ್ಟೆಯಲ್ಲಿ ಅದು ಸರಿಯಾದ ಉತ್ತರ. ಸಂದರ್ಶನದಲ್ಲಿ ಅಷ್ಟು ಹೇಳುವಷ್ಟರಲ್ಲಿ ಸಿಗುವ ಒಂದೂವರೆ ನಿಮಿಷ ಕಳೆದುಹೋಗಿರುತ್ತದೆ, ಲೇತಿನ ಮೇಲೆ ಕೈ ಇಟ್ಟ ವಿಷಯ ಬಂದೇ ಇರುವುದಿಲ್ಲ. ಇದನ್ನು ‘ಈ ಕೆಲಸಕ್ಕೆ ಸಂಬಂಧಪಟ್ಟ ಹಾಗೆ ಇಲ್ಲಿಯವರೆಗೆ ಏನೇನು ಓದಿದ್ದೀಯ, ಏನೇನು ಮಾಡಿದ್ದೀಯ?’ ಅಂತ ಬರೆದುಕೊಂಡರೆ ಸಾಕು. ಊರಿನ ಹೆಸರು ಒಂದು ವಾಕ್ಯದಲ್ಲಿ ಬರಲಿ, ತಡೆಯಬೇಕಾಗಿಲ್ಲ.

ಈಗ ಪಟ್ಟಿಯಲ್ಲಿ ನಮ್ಮ ಮಕ್ಕಳನ್ನು ಹೆಚ್ಚು ಸೋಲಿಸುವ ಪ್ರಶ್ನೆಗೆ ಬರುತ್ತೇನೆ. ‘ನೀವು ಒಂದು ಸಮಸ್ಯೆಯನ್ನು ಎದುರಿಸಿದ ಸಂದರ್ಭವನ್ನು ಹೇಳಿ.’ ಇಂಗ್ಲಿಷಿನಲ್ಲಿ ‘ಟೆಲ್ ಮಿ ಅಬೌಟ್ ಎ ಟೈಮ್ ವೆನ್…’ ಅಂತ ಶುರುವಾಗುತ್ತದೆ. ಈ ಬಗೆಯ ಪ್ರಶ್ನೆಗೆ ಒಂದು ಹಿನ್ನೆಲೆ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆಗೆ ಪೈಲಟ್‌ಗಳನ್ನು ಆರಿಸುವ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಜಾನ್ ಫ್ಲ್ಯಾನಗನ್, ಒಬ್ಬನ ಗುಣಗಳ ಬಗ್ಗೆ ಅಭಿಪ್ರಾಯ ಕೇಳುವುದನ್ನು ಬಿಟ್ಟು, ಕೆಲಸ ಗೆದ್ದ ಅಥವಾ ಕೆಟ್ಟ ನಿರ್ದಿಷ್ಟ ಘಟನೆಗಳನ್ನು ಸಂಗ್ರಹಿಸುವ ವಿಧಾನವನ್ನು ಬೆಳೆಸಿದರು. ಅದರ ವಿವರಣೆ 1954ರಲ್ಲಿ ಪ್ರಕಟವಾಯಿತು. 1980ರ ದಶಕದ ಆರಂಭದಲ್ಲಿ ಗ್ಯಾರಿ ಲೇಥಮ್, ಟಾಮ್ ಜಾನ್ಜ್ ಮೊದಲಾದವರು ಈ ದಾರಿಯನ್ನು ಕೆಲಸದ ಸಂದರ್ಶನಕ್ಕೆ ತಂದರು. ಒಬ್ಬ ಮನುಷ್ಯ ಹಿಂದೆ ಏನು ಮಾಡಿದ ಎಂಬುದು ಮುಂದೆ ಏನು ಮಾಡಬಹುದು ಎಂಬುದಕ್ಕೆ ಸುಳಿವು ಕೊಡುತ್ತದೆ ಎಂಬುದು ಜಾನ್ಜ್ ಅವರ ವಾದದ ತಿರುಳು. ಹೀಗಾಗಿ ಪ್ರಶ್ನೆ ಕೇಳುವವರಿಗೆ ಒಂದೇ ಒಂದು ದಿನದ, ಒಂದೇ ಒಂದು ಘಟನೆ ಬೇಕು.

ನಮ್ಮ ಹುಡುಗರು ಏನು ಹೇಳುತ್ತಾರೆ? ‘ಸಮಸ್ಯೆ ಬಂದಾಗ ನಾನು ತಾಳ್ಮೆಯಿಂದ ಯೋಚಿಸುತ್ತೇನೆ, ಹಿರಿಯರ ಸಲಹೆ ಪಡೆಯುತ್ತೇನೆ, ಪರಿಹಾರ ಕಂಡುಕೊಳ್ಳುತ್ತೇನೆ.’ ಜೆರಾಕ್ಸ್ ಹಾಳೆಯ ಮಾದರಿ ಉತ್ತರವೇ ಇದು. ಇಂಗ್ಲಿಷಿಗೆ ತಂದು ಒಂದೂ ತಪ್ಪಿಲ್ಲದೆ ಒಪ್ಪಿಸಿದರೂ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿರುವುದಿಲ್ಲ. ನಾನು ವಿದ್ಯಾರ್ಥಿಗಳಿಗೆ ಕೊಡುವ ಪರೀಕ್ಷೆ ಬಹಳ ಸರಳ. ನಿಮ್ಮ ಕನ್ನಡ ಉತ್ತರದ ಕ್ರಿಯಾಪದಗಳ ಕೊನೆ ನೋಡಿ. ‘ಯೋಚಿಸುತ್ತೇನೆ, ಮಾಡುತ್ತೇನೆ’ ಎಂದು ಸಾಲಾಗಿ ಬಂದಿದ್ದರೆ ಅದು ನಿಮ್ಮ ಬಗ್ಗೆ ನೀವೇ ಕೊಟ್ಟ ಪ್ರಮಾಣಪತ್ರ. ‘ನೋಡಿದೆ, ಕೇಳಿದೆ, ತೆಗೆದಿಟ್ಟೆ’ ಎಂದು ಬಂದಿದ್ದರೆ ಅದು ಘಟನೆ. ಈ ತಪಾಸಣೆಯನ್ನು ಕನ್ನಡದಲ್ಲೇ ಮಾಡಬೇಕು, ಏಕೆಂದರೆ ಇಂಗ್ಲಿಷಿಗೆ ಹೋದ ಮೇಲೆ ಹುಡುಗರ ಗಮನವೆಲ್ಲ ವ್ಯಾಕರಣದ ಮೇಲೆ ಹೋಗಿ, ಹೇಳುವುದರಲ್ಲಿ ಏನಾದರೂ ಇದೆಯೋ ಇಲ್ಲವೋ ಎಂಬುದು ಕಣ್ಣಿಗೆ ಬೀಳುವುದಿಲ್ಲ.

ನಮ್ಮಲ್ಲಿ ಓದಿದ ಶಿರಾ ತಾಲ್ಲೂಕಿನ ಒಬ್ಬ ಹುಡುಗಿಯ ಉತ್ತರವನ್ನು ಈಗ ಹಂತ ಹಂತವಾಗಿ ನೋಡೋಣ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇಂಟರ್ನ್‌ಶಿಪ್ ಮಾಡಿ ಬಂದಿದ್ದಳು. ಕ್ವಾಲಿಟಿ ಇನ್‌ಸ್ಪೆಕ್ಟರ್ ಕೆಲಸದ ಸಂದರ್ಶನಕ್ಕೆ ತಯಾರಾಗುತ್ತಿದ್ದಳು. ಮೊದಲು ಅವಳೂ ತಾಳ್ಮೆಯಿಂದ ಯೋಚಿಸುವ ಉತ್ತರವನ್ನೇ ಒಪ್ಪಿಸಿದಳು. ‘ಅಲ್ಲಿ ನೀನು ನೋಡಿದ ಒಂದು ರಿಜೆಕ್ಷನ್ ಹೇಳಮ್ಮ’ ಅಂದೆ. ಅವಳು ಹೇಳಿದ್ದನ್ನು ಅವಳ ಮಾತಲ್ಲೇ ಬರೆಸಿದೆ:

‘ಗಂಟೆಗೊಂದ್ಸಲ ಬೋರ್ ಚೆಕ್ ಮಾಡೋದು ನನ್ನ ಕೆಲಸ ಸಾರ್. ಒಂದಿನ ಮಧ್ಯಾಹ್ನ ಪ್ಲಗ್ ಗೇಜ್ ಹಾಕಿದಾಗ ನೋ-ಗೋ ಕಡೆ ಒಳಗೆ ಹೋಯ್ತು. ಇನ್ನೆರಡು ಪೀಸ್ ತಗೊಂಡು, ಅದನ್ನೂ ನೋಡಿ, ಅದೂ ಹಂಗೇ ಇದ್ದಿದ್ದಕ್ಕೆ ಆಪರೇಟರಿಗೆ ಹೇಳಿ, ಮಿಷಿನ್ ನಿಲ್ಲಿಸಿ, ಹಿಂದಿನ ಚೆಕ್ ಆದಮೇಲೆ ಬಂದಿದ್ದ ಪೀಸೆಲ್ಲ ಬೇರೆ ಎತ್ತಿಟ್ವಿ.’

ಮೆಕ್ಯಾನಿಕಲ್ ಅಲ್ಲದವರಿಗಾಗಿ ಒಂದೆರಡು ಮಾತು. ಅದು ಅಲ್ಯೂಮಿನಿಯಂ ಎರಕದ ಬಿಡಿಭಾಗ, ಅದರಲ್ಲಿ ರೀಮರ್ ಹಾಕಿ 25 ಮಿ.ಮೀ. ತೂತು ಮಾಡುತ್ತಾರೆ. ಡ್ರಾಯಿಂಗ್‌ನಲ್ಲಿ H7 ಎಂದು ಗುರುತು ಹಾಕಿತ್ತು. ಅಂದರೆ ತೂತು 25.000ದಿಂದ 25.021 ಮಿ.ಮೀ. ಒಳಗೆ ಇರಬೇಕು. ಪ್ಲಗ್ ಗೇಜ್ ಎನ್ನುವುದು ಎರಡು ತುದಿಯ ಉಕ್ಕಿನ ಸಾಧನ. ಗೋ ಎಂಬ ತುದಿ ತೂತಿನೊಳಗೆ ಹೋಗಬೇಕು, ನೋ-ಗೋ ಎಂಬ ತುದಿ ಹೋಗಬಾರದು. ಹೋದರೆ ತೂತು ದೊಡ್ಡದಾಗಿದೆ ಎಂದರ್ಥ. ತೂತು ಚಿಕ್ಕದಾದರೆ ಮತ್ತೆ ಕೊರೆದು ಸರಿಮಾಡಬಹುದು, ದೊಡ್ಡದಾದರೆ ಆ ಪೀಸು ಸಾಮಾನ್ಯವಾಗಿ ಸ್ಕ್ರ್ಯಾಪ್‌ಗೇ ಹೋಗುತ್ತದೆ.

ಅವಳ ಕೊನೆಯ ವಾಕ್ಯವನ್ನು ಗಮನಿಸಿ. ‘ತಗೊಂಡು, ನೋಡಿ, ಹೇಳಿ, ನಿಲ್ಲಿಸಿ, ಎತ್ತಿಟ್ವಿ’. ಐದು ಕೆಲಸಕ್ಕೆ ಪೂರ್ಣಕ್ರಿಯಾಪದ ಒಂದೇ. ಕನ್ನಡ ಮಾತಾಡುವ ಯಾರಿಗೂ ಇದು ಸಹಜ. ಹೀಗೆ ಪೋಣಿಸುತ್ತ ಹೋಗುವುದು ನಮ್ಮ ಭಾಷೆಯ ಸೊಗಸು. ಇದನ್ನು ಹಾಗೇ ಇಂಗ್ಲಿಷಿಗೆ ಎತ್ತಿ ಹಾಕಲು ಹೊರಟಾಗಲೇ ನಮ್ಮ ಮಕ್ಕಳು ನಡುವಿನಲ್ಲಿ ಸಿಕ್ಕಿಹಾಕಿಕೊಳ್ಳುವುದು. ಇಂಗ್ಲಿಷ್ ಬರುವುದಿಲ್ಲ ಎಂದು ಅವರು ಅಂದುಕೊಳ್ಳುತ್ತಾರೆ. ಬರುವ ಇಂಗ್ಲಿಷ್ ಸಾಕಾಗುತ್ತದೆ, ವಾಕ್ಯವನ್ನು ಒಡೆದುಕೊಳ್ಳಬೇಕು ಅಷ್ಟೇ. ‘ತಗೊಂಡು’ ಬಂದಲ್ಲಿ ಒಂದು ಪೆನ್ಸಿಲ್ ಗೀಟು, ‘ನೋಡಿ’ ಬಂದಲ್ಲಿ ಒಂದು, ‘ಹೇಳಿ’ ಬಂದಲ್ಲಿ ಒಂದು. ಪ್ರತಿ ತುಂಡಿಗೂ ಅದರದೇ ಕರ್ತೃ ಮತ್ತು ಭೂತಕಾಲದ ಕ್ರಿಯಾಪದ ಕೊಟ್ಟು ಮೊದಲು ಕನ್ನಡದಲ್ಲೇ ಬಿಡಿಬಿಡಿಯಾಗಿ ಬರೆಯಬೇಕು: ನಾನು ಇನ್ನೆರಡು ಪೀಸ್ ತಗೊಂಡೆ. ನಾನು ಅವನ್ನು ನೋಡಿದೆ. ನಾನು ಆಪರೇಟರಿಗೆ ಹೇಳಿದೆ.

ಇಲ್ಲಿಗೆ ಬಂದಾಗ ಪೆನ್ನು ನಿಂತಿತು. ‘ಮಿಷಿನ್ ನಿಲ್ಲಿಸಿದ್ದು ಯಾರಮ್ಮ?’ ಎಂದು ಕೇಳಿದೆ. ‘ಆಪರೇಟರ್ ಸಾರ್. ಟ್ರೈನಿಗಳು ನಿಲ್ಲಿಸೋ ಹಾಗಿಲ್ಲ.’ ‘ಎತ್ತಿಟ್ಟಿದ್ದು?’ ‘ನಾನೇ. ರೆಡ್ ಬಿನ್‌ಗೆ ಹಾಕಿ ಟ್ಯಾಗ್ ಬರೆದಿದ್ದೂ ನಾನೇ.’ ಪೋಣಿಸಿದ ವಾಕ್ಯದಲ್ಲಿ ಇದು ಯಾವುದೂ ಕಾಣುತ್ತಿರಲಿಲ್ಲ. ತಾನು ಮಾಡದ್ದು ತನ್ನ ಹೆಸರಿಗೆ ಬಂದಿತ್ತು, ತಾನೇ ಮಾಡಿದ್ದು ‘ಎತ್ತಿಟ್ವಿ’ ಎಂಬುದರೊಳಗೆ ಮರೆಯಾಗಿತ್ತು. ‘ನಾನು’ ಎನ್ನಲು ಸಂಕೋಚಪಟ್ಟು ‘ನಾವು’ ಎನ್ನುವುದು ನಮ್ಮಲ್ಲಿ ಮರ್ಯಾದೆ. ಆದರೆ ಕೆಲಸ ಕೊಡುವವರಿಗೆ ಆ ‘ನಾವು’ ಒಳಗೆ ಈ ಹುಡುಗಿಯ ಪಾಲು ಎಷ್ಟು ಎಂಬುದು ಗೊತ್ತಾಗಬೇಕು. ಯಾರು ಏನು ಮಾಡಿದರು ಎಂದು ಬಿಡಿಸಿ ಹೇಳುವುದು ಜಂಬ ಅಲ್ಲ. ಆಪರೇಟರ್ ಮಾಡಿದ್ದನ್ನು ಆಪರೇಟರಿಗೇ ಕೊಡುತ್ತೀರಲ್ಲ, ಅದರಿಂದ ನಿಮ್ಮ ಮಾತಿಗೆ ನಂಬಿಕೆ ಬರುತ್ತದೆ.

ಹೀಗೆ ಒಡೆದ ಮೇಲೆ ಇಂಗ್ಲಿಷ್ ಸಲೀಸಾಯಿತು. ಅವಳು ತನ್ನ ಪುಸ್ತಕದಲ್ಲಿ ಮೊದಲು ಕನ್ನಡ ಲಿಪಿಯಲ್ಲೇ ಬರೆದುಕೊಂಡಿದ್ದಳು: ‘ಐ ಚೆಕ್ಡ್ ದ ಬೋರ್ ಎವ್ರಿ ಅವರ್. ಒನ್ ಆಫ್ಟರ್‌ನೂನ್ ದ ನೋ-ಗೋ ಎಂಡ್ ವೆಂಟ್ ಇನ್. ಐ ಚೆಕ್ಡ್ ಟೂ ಮೋರ್ ಪೀಸಸ್. ದೇ ವರ್ ಆಲ್ಸೋ ಓವರ್‌ಸೈಜ್. ಐ ಟೋಲ್ಡ್ ದ ಆಪರೇಟರ್. ಹೀ ಸ್ಟಾಪ್ಡ್ ದ ಮಷೀನ್. ಐ ಪುಟ್ ಆಲ್ ದ ಪೀಸಸ್ ಆಫ್ಟರ್ ದ ಲಾಸ್ಟ್ ಚೆಕ್ ಇನ್ ದ ರೆಡ್ ಬಿನ್.’ ಏಳು ಪುಟ್ಟ ವಾಕ್ಯ. ಎಂಟನೇ ತರಗತಿಯ ಇಂಗ್ಲಿಷಿಗಿಂತ ಹೆಚ್ಚಿನದು ಇದರಲ್ಲಿ ಏನೂ ಇಲ್ಲ. ಬೋರ್, ನೋ-ಗೋ, ರೆಡ್ ಬಿನ್ ಎಂಬ ಪದಗಳು ಅವಳ ಕನ್ನಡದಲ್ಲೂ ಇದ್ದವು. ಶಾಪ್‌ಫ್ಲೋರ್‌ನ ಕನ್ನಡದಲ್ಲಿ ವಸ್ತುಗಳ ಹೆಸರೆಲ್ಲ ಇಂಗ್ಲಿಷಿನವೇ, ಕ್ರಿಯಾಪದ ಮಾತ್ರ ನಮ್ಮದು. ಹಾಗಾಗಿ ನಮ್ಮ ಮಕ್ಕಳು ಕಲಿಯಬೇಕಾದದ್ದು ಇಪ್ಪತ್ತು ಮೂವತ್ತು ಕ್ರಿಯಾಪದಗಳ ಭೂತಕಾಲದ ರೂಪ. ಚೆಕ್ಡ್, ಟೋಲ್ಡ್, ಫೌಂಡ್, ಕೆಪ್ಟ್, ಮೆಷರ್ಡ್, ಚೇಂಜ್ಡ್. ಇದನ್ನು ಒಂದು ವಾರದಲ್ಲಿ ನಾಲಿಗೆಗೆ ಹತ್ತಿಸಬಹುದು. ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದಕ್ಕೆ ಕೆಲವು ಮೇಷ್ಟರು ಬೇಡ ಅನ್ನುತ್ತಾರೆ. ಬಾಯಿಗೆ ಹತ್ತುವವರೆಗೆ ಇರಲಿ ಎಂಬುದು ನನ್ನ ಅಭಿಪ್ರಾಯ. ಆಮೇಲೆ ಇಂಗ್ಲಿಷ್ ಅಕ್ಷರದಲ್ಲೂ ಒಮ್ಮೆ ಬರೆಯಬೇಕು, ಏಕೆಂದರೆ ಇನ್‌ಸ್ಪೆಕ್ಷನ್ ರಿಪೋರ್ಟ್ ಬರೆಯುವುದು ಆ ಅಕ್ಷರದಲ್ಲಿ.

ಇಷ್ಟಕ್ಕೆ ನಿಲ್ಲಿಸಿದರೆ ಇದೂ ಇನ್ನೊಂದು ಉರು ಹೊಡೆದ ಉತ್ತರ ಆಗುತ್ತದೆ. ಸಂದರ್ಶನದಲ್ಲಿ ನಿಜವಾದ ಪರೀಕ್ಷೆ ಎರಡನೇ ಪ್ರಶ್ನೆ, ಮೊದಲನೆಯ ಉತ್ತರದ ಒಳಗಿಂದ ಎತ್ತಿ ಕೇಳುವ ಪ್ರಶ್ನೆ. ಅದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅದನ್ನು ಮೊದಲೇ ಹುಡುಕಿಕೊಳ್ಳುವ ದಾರಿ ಒಂದಿದೆ. ಕನ್ನಡದ ಉತ್ತರವನ್ನು ಮನೆಯಲ್ಲಿ ಅಮ್ಮನಿಗೋ ಚಿಕ್ಕಪ್ಪನಿಗೋ ಹೇಳಿ. ಅವರಿಗೆ ಅರ್ಥವಾಗದೆ ಎಲ್ಲಿ ತಡೆದು ಕೇಳುತ್ತಾರೋ ಅದನ್ನು ಬರೆದುಕೊಳ್ಳಿ. ಕನ್ನಡದಲ್ಲಿ ಅಭ್ಯಾಸ ಮಾಡಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ದೊಡ್ಡ ಕಾರಣ ಇದು. ಇಂಗ್ಲಿಷಿನಲ್ಲಿ ಒಪ್ಪಿಸಿದರೆ ಮನೆಯವರು ‘ಚೆನ್ನಾಗಿ ಹೇಳ್ದೆ’ ಅಂದು ಸುಮ್ಮನಾಗುತ್ತಾರೆ, ಕನ್ನಡದಲ್ಲಿ ಹೇಳಿದರೆ ಪ್ರಶ್ನೆ ಕೇಳುತ್ತಾರೆ. ಆ ಹುಡುಗಿಯ ಅಮ್ಮ ಕೇಳಿದ್ದು ಎರಡು: ‘ಅಳತೆ ನೋಡೋಕೆ ಸ್ಕೇಲ್ ಥರದ್ದು ಇರುತ್ತಲ್ಲ, ಅದರಲ್ಲೇ ನೋಡಬಹುದಿತ್ತಲ್ವಾ?’ ಮತ್ತು ‘ಅದು ಯಾಕೆ ದೊಡ್ಡದಾಯ್ತು?’

ಇವೆರಡನ್ನೂ ಸಂದರ್ಶನದಲ್ಲಿ ಯಾವ ಇಂಜಿನಿಯರ್ ಆದರೂ ಕೇಳುತ್ತಾನೆ. ವರ್ನಿಯರ್ ಕ್ಯಾಲಿಪರ್ ಯಾಕೆ ಬಳಸಲಿಲ್ಲ? ಹುಡುಗರು ‘ವರ್ನಿಯರ್ ಲೀಸ್ಟ್ ಕೌಂಟ್ 0.02’ ಎಂದು ನಿದ್ದೆಯಲ್ಲೂ ಹೇಳುತ್ತಾರೆ. ಅದನ್ನು ಈ ಕೆಲಸಕ್ಕೆ ತಂದು ಜೋಡಿಸಿರುವುದಿಲ್ಲ. ಮುಖ್ಯ ಸ್ಕೇಲಿನ 49 ಮಿ.ಮೀ. ಜಾಗವನ್ನು ವರ್ನಿಯರ್‌ನಲ್ಲಿ 50 ಭಾಗ ಮಾಡಿರುತ್ತಾರೆ. ಒಂದು ಭಾಗ 0.98 ಆಯಿತು, ಒಂದು ಮಿ.ಮೀ.ಗೂ ಅದಕ್ಕೂ ಇರುವ ವ್ಯತ್ಯಾಸ 0.02. ನಮ್ಮ ತೂತಿಗೆ ಕೊಟ್ಟಿರುವ ಒಟ್ಟು ಸಡಿಲಿಕೆಯೇ 0.021. ಅಂದರೆ ಆ ಉಪಕರಣ ಓದಬಲ್ಲ ಅತಿ ಚಿಕ್ಕ ಹೆಜ್ಜೆ ನಮ್ಮ ಟಾಲರೆನ್ಸ್‌ನಷ್ಟೇ ಇದೆ. ಅದರಿಂದ ಈ ತೂತು ಸರಿಯಿದೆಯೋ ಇಲ್ಲವೋ ಎಂದು ಹೇಳಲಾಗದು. ಇದನ್ನು ಅವಳು ಅಮ್ಮನಿಗೆ ಅರ್ಥವಾಗುವ ಹಾಗೆ ಕನ್ನಡದಲ್ಲಿ ಹೇಳಿದ ಮೇಲೆ ಇಂಗ್ಲಿಷಿನಲ್ಲಿ ಎರಡು ವಾಕ್ಯ ಸಾಕಾಯಿತು: ‘ದ ಟಾಲರೆನ್ಸ್ ಈಸ್ ಓನ್ಲಿ 0.021. ದ ವರ್ನಿಯರ್ ರೀಡ್ಸ್ ಓನ್ಲಿ 0.02, ಸೋ ಇಟ್ ಕೆನಾಟ್ ಡಿಸೈಡ್.’

ತೂತು ದೊಡ್ಡದಾಗಲು ಕಾರಣ ಕೂಲಂಟ್ ನಾಜಲ್. ಅದು ಪಕ್ಕಕ್ಕೆ ಸರಿದು, ರೀಮರ್‌ಗೆ ಕೂಲಂಟ್ ಸರಿಯಾಗಿ ಬೀಳುತ್ತಿರಲಿಲ್ಲ. ಆಗ ಅಲ್ಯೂಮಿನಿಯಂ ಕರಗಿದ ಹಾಗೆ ರೀಮರ್‌ನ ಕತ್ತರಿಸುವ ಅಂಚಿಗೆ ಮೆತ್ತಿಕೊಳ್ಳುತ್ತದೆ, ಮೆತ್ತಿಕೊಂಡದ್ದೂ ಸೇರಿ ಕತ್ತರಿಸಿ ತೂತು ದೊಡ್ಡದಾಗುತ್ತದೆ. ಇದನ್ನು ಕಂಡುಹಿಡಿದದ್ದು ಲೈನ್ ಸೂಪರ್‌ವೈಸರ್. ಅವಳು ಅದನ್ನು ಹಾಗೆಯೇ ಹೇಳಲು ಕಲಿತಳು: ‘ದ ಸೂಪರ್‌ವೈಸರ್ ಫೌಂಡ್ ದ ಕಾಸ್. ಐ ಚೆಕ್ಡ್ ದ ಫಸ್ಟ್ ಫೈವ್ ಪೀಸಸ್ ಆಫ್ಟರ್ ದ ಕರೆಕ್ಷನ್.’ ಎಷ್ಟು ಪೀಸ್ ತಡೆದಿಟ್ಟೆ ಎಂದು ಕೇಳಿದರೆ ಅದಕ್ಕೂ ಉತ್ತರ ಇತ್ತು. ಹಿಂದಿನ ಗಂಟೆಯ ಚೆಕ್ ಸರಿಯಾಗಿತ್ತು, ಹಾಗಾಗಿ ಅದರ ನಂತರದ 42 ಪೀಸ್ ಅನುಮಾನದವು. ಅಷ್ಟನ್ನೂ ಒಂದೊಂದಾಗಿ ನೋಡಿದಾಗ 11 ರಿಜೆಕ್ಟ್ ಆದವು. ಈ ಒಂದು ಘಟನೆಯನ್ನು ಹೀಗೆ ತಳಮಟ್ಟ ತಿಳಿದುಕೊಂಡವಳಿಗೆ ಪಟ್ಟಿಯ ನಾಲ್ಕಾರು ಪ್ರಶ್ನೆಗಳು ಇದರಲ್ಲೇ ಸೇರಿ ಹೋಗುತ್ತವೆ. ನಿನ್ನ ಸಾಮರ್ಥ್ಯ ಏನು ಎಂದರೂ ಇದೇ, ತಂಡದಲ್ಲಿ ಹೇಗೆ ಕೆಲಸ ಮಾಡುತ್ತೀಯ ಎಂದರೂ ಇದೇ.

ಅಭ್ಯಾಸದ ಕ್ರಮದ ಬಗ್ಗೆ ಈಗ ಹೇಳುತ್ತೇನೆ. ಬರೆದ ಉತ್ತರವನ್ನು ಎರಡು ಮೂರು ಸಲ ಓದಿದ ಮೇಲೆ ಪುಸ್ತಕ ಮುಚ್ಚಿ, ಒಂದು ಚೀಟಿಯಲ್ಲಿ ಐದು ಪದ ಮಾತ್ರ ಇಟ್ಟುಕೊಳ್ಳಬೇಕು. ಇವಳ ಚೀಟಿಯಲ್ಲಿ ಇದ್ದದ್ದು ಬೋರ್, ನೋ-ಗೋ, ಆಪರೇಟರ್, ರೆಡ್ ಬಿನ್, ನಾಜಲ್. ಐದೂ ಎರಡೂ ಭಾಷೆಗೆ ಸಲ್ಲುವ ಪದಗಳು, ಹಾಗಾಗಿ ಅದೇ ಚೀಟಿ ಹಿಡಿದು ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ ಹೇಳಬಹುದು. ಪ್ರತಿ ಸಲ ವಾಕ್ಯ ಸ್ವಲ್ಪ ಬೇರೆಯಾಗುತ್ತದೆ. ಆಗಲಿ, ಆಗಬೇಕು. ಆಮೇಲೆ ಅಡ್ಡ ಅಭ್ಯಾಸ: ಗೆಳತಿ ಇಂಗ್ಲಿಷಿನಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ. ಇದರಿಂದ ಪ್ರಶ್ನೆಯ ಮೊದಲ ಎರಡು ಪದ ಕಿವಿಗೆ ಬಿದ್ದ ತಕ್ಷಣ ಉರು ಹೊಡೆದ ಉತ್ತರ ಬಾಯಿಂದ ಹೊರಡುವುದು ತಪ್ಪುತ್ತದೆ. ಪ್ರಶ್ನೆಯನ್ನು ಪೂರ್ತಿ ಕೇಳಿ ಅರ್ಥಮಾಡಿಕೊಳ್ಳದೆ ಭಾಷೆ ಬದಲಿಸಲಾಗುವುದಿಲ್ಲ.

ಉತ್ತರ ಇನ್ನೂ ಉರುವಿನ ಮಟ್ಟದಲ್ಲೇ ಇದೆಯೇ ಎಂದು ತಿಳಿಯಲು ನಡುವಿನಿಂದ ಕೇಳಿಸಿಕೊಳ್ಳಿ. ‘ರೆಡ್ ಬಿನ್‌ಗೆ ಯಾಕೆ ಹಾಕಿದೆ?’ ಎಂದು ನೇರವಾಗಿ ಕೇಳಿದಾಗ ಹುಡುಗ ಮತ್ತೆ ‘ಐ ಚೆಕ್ಡ್ ದ ಬೋರ್ ಎವ್ರಿ ಅವರ್’ ಎಂಬಲ್ಲಿಂದ ಶುರುಮಾಡಿದರೆ ಕೆಲಸ ಬಾಕಿ ಇದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೂ ಗೊತ್ತಾಗುತ್ತದೆ. ಕನ್ನಡದಲ್ಲಿ ಹೇಳುವಾಗ ನೋ-ಗೋ ಒಳಗೆ ಹೋಯ್ತು ಎಂಬಲ್ಲಿ ದನಿ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಎಲ್ಲವೂ ಒಂದೇ ವೇಗದಲ್ಲಿ ಓಡುತ್ತಿದ್ದರೆ ಅದು ಇನ್ನೂ ಪಾಠ ಒಪ್ಪಿಸುವ ದನಿ.

ಸಂದರ್ಶನದ ನಡುವೆ ಕನ್ನಡಕ್ಕೆ ಬರಬಹುದೇ ಎಂದು ಹಲವರು ಕೇಳುತ್ತಾರೆ. ಶಾಪ್‌ಫ್ಲೋರ್ ಕೆಲಸಕ್ಕಾದರೆ ಎದುರಿಗೆ ಕುಳಿತವರಲ್ಲಿ ಕನ್ನಡ ಬಲ್ಲ ಒಬ್ಬರಾದರೂ ಇರುವುದುಂಟು. ‘ಸರ್, ಈ ಭಾಗ ಮಾತ್ರ ಕನ್ನಡದಲ್ಲಿ ಹೇಳಲೇ?’ ಎಂದು ಇಂಗ್ಲಿಷಿನಲ್ಲೇ ಕೇಳುವ ಒಂದು ವಾಕ್ಯವನ್ನು ಸಿದ್ಧವಾಗಿಟ್ಟುಕೊಳ್ಳಿ, ಆ ಭಾಗ ಮುಗಿದ ಕೂಡಲೇ ಮತ್ತೆ ಇಂಗ್ಲಿಷಿಗೆ ಬನ್ನಿ. ವಿದೇಶದ ಗ್ರಾಹಕರ ಜೊತೆ ಫೋನಿನಲ್ಲಿ ಮಾತಾಡುವ ಕೆಲಸವಾದರೆ ಇದು ನಡೆಯದು, ಅಲ್ಲಿ ಇಂಗ್ಲಿಷೇ ಕೆಲಸ. ಇನ್ನೊಂದು ತುದಿಯಲ್ಲಿ ಕೇಂದ್ರ ಲೋಕಸೇವಾ ಆಯೋಗವಿದೆ. ನಾಗರಿಕ ಸೇವೆಗಳ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು 275 ಅಂಕದ ಸಂದರ್ಶನವನ್ನೂ ಕನ್ನಡದಲ್ಲೇ ಕೊಡಬಹುದು, ದುಭಾಷಿಯ ನೆರವು ಸಿಗುತ್ತದೆ. ಅಲ್ಲಿಯೂ ಪೋಣಿಸಿದ ಉದ್ದನೆಯ ವಾಕ್ಯ ತೊಂದರೆ ಕೊಡುತ್ತದೆ. ನಮ್ಮ ಕ್ರಿಯಾಪದ ಕೊನೆಯಲ್ಲಿ ಬರುವುದರಿಂದ ವಾಕ್ಯ ಮುಗಿಯುವವರೆಗೆ ದುಭಾಷಿ ಕಾಯಬೇಕು. ಶಿರಾದ ಹುಡುಗಿ ಇಂಗ್ಲಿಷಿಗಾಗಿ ಒಡೆದುಕೊಂಡ ಆ ಪುಟ್ಟ ಕನ್ನಡ ವಾಕ್ಯಗಳು ಅಲ್ಲಿಗೂ ಹೊಂದುತ್ತವೆ.

ಪಟ್ಟಿಯ ಕೊನೆಗೆ ಎರಡು ಪ್ರಶ್ನೆಗಳಿರುತ್ತವೆ, ಅವನ್ನು ಹುಡುಗರು ಅಭ್ಯಾಸವನ್ನೇ ಮಾಡುವುದಿಲ್ಲ. ಸಂಬಳ ಎಷ್ಟು ನಿರೀಕ್ಷಿಸುತ್ತೀರಿ ಎಂಬುದು ಒಂದು. ಇದಕ್ಕೆ ಕನ್ನಡದಲ್ಲಿ ‘ಕೈಗೆ ಎಷ್ಟು ಸಿಗಬೇಕು’ ಎಂದು ಲೆಕ್ಕ ಹಾಕಿಕೊಂಡು ಹೋಗುತ್ತಾರೆ, ಕಂಪನಿಯವರು ಹೇಳುವುದು ಸಿಟಿಸಿ. ಕಂಪನಿ ತನ್ನ ಕಡೆಯಿಂದ ಕಟ್ಟುವ ಪಿಎಫ್ ಹಣವೂ ಸಾಮಾನ್ಯವಾಗಿ ಆ ಸಿಟಿಸಿಯಲ್ಲಿ ಸೇರಿರುತ್ತದೆ, ನಿಮ್ಮ ಪಾಲಿನ ಪಿಎಫ್ ಶೇಕಡಾ 12ರಂತೆ ಸಂಬಳದಿಂದ ಹಿಡಿಯುತ್ತಾರೆ. ಹೀಗಾಗಿ ಅವರು ಸಂಖ್ಯೆ ಹೇಳಿದ ಕೂಡಲೇ ‘ಇದರಲ್ಲಿ ತಿಂಗಳಿಗೆ ಟೇಕ್ ಹೋಮ್ ಎಷ್ಟು ಸರ್?’ ಎಂದು ಕೇಳುವುದನ್ನು ಎರಡೂ ಭಾಷೆಯಲ್ಲಿ ಬಾಯಿಪಾಠ ಮಾಡಿ. ಇದೊಂದನ್ನು ಉರು ಹೊಡೆದರೆ ನನ್ನ ಆಕ್ಷೇಪ ಇಲ್ಲ.

ಇನ್ನೊಂದು, ‘ನೀವು ನಮ್ಮನ್ನು ಏನಾದರೂ ಕೇಳುವುದಿದೆಯೇ?’ ಇದಕ್ಕೆ ‘ನೋ ಸರ್’ ಅಂತ ಎದ್ದು ಬರಬೇಡಿ. ಶಿಫ್ಟ್ ಹೇಗೆ, ರಾತ್ರಿ ಪಾಳಿಗೆ ಹೆಣ್ಣುಮಕ್ಕಳಿಗೆ ವಾಹನ ಇದೆಯೇ, ಟ್ರೈನಿಂಗ್ ಎಷ್ಟು ತಿಂಗಳು, ಬಾಂಡ್ ಬರೆಸಿಕೊಳ್ಳುತ್ತೀರಾ, ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೀರಾ ಎಂಬುದನ್ನು ನಿಮ್ಮ ತಂದೆ ತಾಯಿ ಮನೆಗೆ ಬಂದ ಮೇಲೆ ಕೇಳಿಯೇ ಕೇಳುತ್ತಾರೆ. ಅವರು ಕೇಳುವ ಪ್ರಶ್ನೆಗಳನ್ನು ಹೊರಡುವ ಮುಂಚೆಯೇ ಕನ್ನಡದಲ್ಲಿ ಬರೆದುಕೊಂಡು, ಇಂಗ್ಲಿಷಿಗೆ ಮಾಡಿಕೊಂಡು, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಈಗ ನೀರು ಕುಡಿದು ಹತ್ತು ನಿಮಿಷ ಸುಧಾರಿಸಿಕೊಳ್ಳೋಣ. ಆಮೇಲೆ ಕೊನೆಯ ವರ್ಷದವರು ಒಬ್ಬೊಬ್ಬರೇ ಮುಂದೆ ಬಂದು ನಿಮ್ಮ ಇಂಟರ್ನ್‌ಶಿಪ್‌ನ ಒಂದು ಘಟನೆಯನ್ನು ಕನ್ನಡದಲ್ಲಿ ಹೇಳಿ, ಕ್ರಿಯಾಪದಗಳ ಕೆಳಗೆ ಗೀಟು ಹಾಕುವ ಕೆಲಸವನ್ನು ಇಲ್ಲಿಯೇ ಬೋರ್ಡಿನ ಮೇಲೆ ಮಾಡೋಣ.